ಏಳಕ್ಕೊಂದು ಗೆರೆ, ನಾಲ್ಕಕ್ಕೊಂದು ಮೂಲೆ

ಸೂಕ್ಷ್ಮಬೋಧನೆಯಲ್ಲಿ ಕಪ್ಪುಹಲಗೆ ಬಳಕೆಯ ಕೌಶಲವನ್ನು ಅಭ್ಯಾಸ ಮಾಡುವಾಗ ವೀಕ್ಷಕರು ಮುಖ್ಯವಾಗಿ ಮೂರು ಅಂಶಗಳನ್ನು ನೋಡುತ್ತಾರೆ: ಬರವಣಿಗೆಯ ಸ್ಪಷ್ಟತೆ, ಅಚ್ಚುಕಟ್ಟುತನ, ಬರೆದ ವಿಷಯದ ಸಮರ್ಪಕತೆ. ನಾನು ಕಂಡಮಟ್ಟಿಗೆ ಸ್ಪಷ್ಟತೆಯ ಅಂಕ ಬರುವುದು ಅಕ್ಷರಗಳಿಗೆ. ಸಾಲು ನೇರವಾಗಿದೆಯೇ, ಒತ್ತಕ್ಷರ ಸರಿಯಾಗಿದೆಯೇ, ಹಿಂದಿನ ಬೆಂಚಿಗೆ ಕಾಣುವಷ್ಟು ದಪ್ಪವಾಗಿದೆಯೇ ಎಂದು ನೋಡುತ್ತಾರೆ. ಗಣಿತದ ಪಾಠವಾದರೂ ಅಂಕಿಗಳ ಆಕಾರದ ಬಗ್ಗೆ ಯಾರೂ ಒಂದು ಮಾತು ಬರೆಯುವುದಿಲ್ಲ. ನಾನು ಬರೆದ 1 ನಿಮಗೆ 7 ಆಗಿ ಕಾಣಿಸಿತೇ ಎಂದು ಕೇಳುವ ಕಾಲಂ ವೀಕ್ಷಣಾ ಹಾಳೆಯಲ್ಲಿ ಇಲ್ಲ. ಇರಬೇಕು ಎಂಬುದು ಈ ಲೇಖನದ ವಾದ.

ಅಕ್ಷರಕ್ಕೂ ಅಂಕಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಒಂದು ಪದದಲ್ಲಿ ಒಂದು ಅಕ್ಷರ ಕೆಟ್ಟರೆ ಉಳಿದ ಅಕ್ಷರಗಳು ಅದನ್ನು ಎತ್ತಿ ಹಿಡಿಯುತ್ತವೆ. ‘ಶ್ರೀನಿವಾಸಪುರ’ದಲ್ಲಿ ‘ವಾ’ ಅಳಿಸಿಹೋಗಿದ್ದರೂ ನಮ್ಮ ಜಿಲ್ಲೆಯವರು ತಡವರಿಸದೆ ಓದುತ್ತಾರೆ. ಸಂಖ್ಯೆಯಲ್ಲಿ ಈ ಆಸರೆ ಇಲ್ಲ. 11,070 ಎಷ್ಟು ಸಹಜವೋ 17,070 ಕೂಡ ಅಷ್ಟೇ ಸಹಜ. ಅಕ್ಕಪಕ್ಕದ ಅಂಕಿ ಯಾವುದೂ ‘ಇಲ್ಲಿ ಏನೋ ತಪ್ಪಿದೆ’ ಎಂದು ಹೇಳುವುದಿಲ್ಲ. ಹಾಗಾಗಿ ಅಂಕಿಯನ್ನು ಅದರ ಆಕಾರವೊಂದರಿಂದಲೇ ಗುರುತಿಸಬೇಕು.

ನಮ್ಮ ಜಿಲ್ಲೆಯಲ್ಲಿ ಇದು ಬರೀ ತರಗತಿಯ ಮಾತಲ್ಲ. ಕೋಲಾರದ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಶ್ರೀನಿವಾಸಪುರದ ಮಾವಿನ ಮಂಡಿಗಳು, ಮಾಲೂರಿನ ಇಟ್ಟಿಗೆ ಗೂಡುಗಳು, ಮುಳಬಾಗಿಲಿನ ಹಳ್ಳಿಗಳ ಸ್ತ್ರೀಶಕ್ತಿ ಸಂಘಗಳು, ಎಲ್ಲೆಡೆ ಒಬ್ಬರು ಬರೆದ ಅಂಕಿಯನ್ನು ಇನ್ನೊಬ್ಬರು ಓದಿ, ಮೂರನೆಯವರು ಕೂಡಿ ಹಾಕುತ್ತಾರೆ. ಆ ಮೂರನೆಯವರು ಎಷ್ಟೋ ಮನೆಗಳಲ್ಲಿ ಎಂಟನೇ ತರಗತಿಯ ಮಗಳೋ ಮಗನೋ. ನಾನು ಬೋಧನಾಭ್ಯಾಸಕ್ಕೆ ಹೋಗಿದ್ದ ಶಾಲೆಯಲ್ಲಿ ಲಾಭ-ನಷ್ಟದ ಪಾಠಕ್ಕೆಂದು ಮನೆಯಿಂದ ಮಂಡಿ ಚೀಟಿ ತರಲು ಹೇಳಿದ್ದೆ. ಒಂದು ಚೀಟಿಯ ಅಂಕಿಯನ್ನು ನಾನು ಏಳು ಎಂದು ಓದಿದಾಗ ಚೀಟಿ ತಂದ ಹುಡುಗ, “ಏಳಲ್ಲ ಸಾರ್, ಒಂದು. ಆ ಮಂಡಿಯವರು ಒಂದು ಬರಿಯೋದೇ ಹಿಂಗೆ” ಎಂದ. ಆ ಮಂಡಿಯವರ ಕೈಬರಹವನ್ನು ಅವನು ಕಲಿತುಕೊಂಡಿದ್ದ. ಆದರೆ ಮಂಡಿ ಬದಲಾದರೆ, ಬರೆಯುವ ಗುಮಾಸ್ತ ಬದಲಾದರೆ, ಆ ಕಲಿಕೆ ಉಪಯೋಗಕ್ಕೆ ಬರುವುದಿಲ್ಲ.

ಎಲ್ಲಿ ಎಡವುತ್ತೇವೆ

ಅಂಕಿಗಳು ಕೆಡುವುದಕ್ಕೆ ಒಂದು ಕ್ರಮವಿದೆ. ಹತ್ತು ಅಂಕಿಗಳೂ ಒಂದಕ್ಕೊಂದು ಬೆರೆಯುವುದಿಲ್ಲ. ಕೆಲವು ಜೋಡಿಗಳು ಮಾತ್ರ ಬೆರೆಯುತ್ತವೆ.

ಮೊದಲ ಜೋಡಿ 1 ಮತ್ತು 7. ಒಂದನ್ನು ಬರೀ ಕಡ್ಡಿಯಂತೆ ಎಳೆದರೆ ತೊಂದರೆ ಇಲ್ಲ. ಅಚ್ಚಿನ ಪುಸ್ತಕ ನೋಡಿ ತಲೆಗೊಂದು ಕೊಕ್ಕೆ ಹಾಕಲು ಹೊರಟಾಗ, ಬರವಣಿಗೆಯ ವೇಗದಲ್ಲಿ ಆ ಕೊಕ್ಕೆ ಉದ್ದವಾಗುತ್ತದೆ. ಉದ್ದವಾದಷ್ಟೂ ಅದು ಏಳರ ಕಡೆಗೆ ಜರುಗುತ್ತದೆ. ಇನ್ನು ಕೆಲವರು ಕೆಳಗಿನಿಂದ ಪೆನ್ನು ಮೇಲೆತ್ತಿ ಮತ್ತೆ ಇಳಿಸಿ, ಒಂದಕ್ಕೆ ಕುಣಿಕೆಯಂತೆ ಸುರುಳಿ ಹಾಕುತ್ತಾರೆ. ಆ ಸುರುಳಿ ಅಗಲವಾದರೆ ಸೊನ್ನೆಯಂತೆಯೋ ಒಂಬತ್ತಿನಂತೆಯೋ ಕಾಣುತ್ತದೆ.

ಈ ತೊಂದರೆಗೆ ಜರ್ಮನಿ, ಫ್ರಾನ್ಸ್ ಮೊದಲಾದ ದೇಶಗಳವರು ಕಂಡುಕೊಂಡ ದಾರಿ ಏಳರ ನಡುವಿಗೊಂದು ಅಡ್ಡಗೆರೆ. ಅಲ್ಲಿ ಒಂದಕ್ಕೆ ಉದ್ದ ಕೊಕ್ಕೆ ಹಾಕುವ ರೂಢಿ ಇದೆ, ಆದ್ದರಿಂದ ಏಳಕ್ಕೆ ಬೇರೆ ಗುರುತು ಬೇಕಾಯಿತು. ನಮ್ಮಲ್ಲೂ ಕೆಲವರು ಆ ಗೆರೆ ಹಾಕುತ್ತಾರೆ, ಹಲವರು ಹಾಕುವುದಿಲ್ಲ. ಕಷ್ಟ ಶುರುವಾಗುವುದು ಈ ಬೆರಕೆಯಲ್ಲಿ. ಗೆರೆ ಹಾಕುವವರ ಲೆಕ್ಕ ಓದಿ ಅಭ್ಯಾಸವಾದವರು ಗೆರೆ ಇಲ್ಲದ ಏಳನ್ನು ಒಂದು ಎಂದು ಓದುತ್ತಾರೆ. ಗೆರೆ ಹಾಕದವರು ಗೆರೆ ಇರುವ ಏಳನ್ನು ನೋಡಿ ನಾಲ್ಕು ಎನ್ನುತ್ತಾರೆ, ಇಲ್ಲವೇ ‘ಇದನ್ನು ಹೊಡೆದುಹಾಕಿದ್ದಾರೆ’ ಎಂದುಕೊಳ್ಳುತ್ತಾರೆ. ಲೆಕ್ಕದ ಪುಸ್ತಕದಲ್ಲಿ ಅಂಕಿಯ ಮೇಲಿನ ಗೆರೆಗೆ ‘ರದ್ದು’ ಎಂಬ ಅರ್ಥವೂ ಇರುವುದರಿಂದ ಈ ಅನುಮಾನ ಸಹಜವೇ.

ಎರಡನೇ ಜೋಡಿ 4 ಮತ್ತು 9. ನಾಲ್ಕನ್ನು ಎರಡು ಬಗೆಯಲ್ಲಿ ಬರೆಯುತ್ತೇವೆ. ಒಂದು, ತಲೆ ಮುಚ್ಚಿ ತ್ರಿಕೋನದಂತೆ. ಇನ್ನೊಂದು, ಬಾಯಿ ತೆರೆದು ಕುರ್ಚಿಯನ್ನು ತಲೆಕೆಳಗು ಮಾಡಿದಂತೆ. ತಲೆ ಮುಚ್ಚಿದ ನಾಲ್ಕು ವೇಗದಲ್ಲಿ ದುಂಡಗಾದರೆ ನೇರವಾಗಿ ಒಂಬತ್ತಾಗುತ್ತದೆ. ಬಾಯಿ ತೆರೆದ ನಾಲ್ಕು ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಆದರೆ ತಲೆ ಮುಚ್ಚದ ಒಂಬತ್ತನ್ನು ಬರೆಯುವವರೂ ಇದ್ದಾರೆ. ಅಂಥವರ ಒಂಬತ್ತು, ಇನ್ನೊಬ್ಬರ ತೆರೆದ ನಾಲ್ಕು, ಎರಡೂ ಒಂದೇ ಪುಟದಲ್ಲಿದ್ದರೆ ಗೊಂದಲ ಖಚಿತ. ಗಮನವಿಟ್ಟು ನೋಡಿದರೆ ಇವೆರಡನ್ನೂ ಬೇರೆ ಮಾಡುವುದು ಬಾಯಿ ತೆರೆದಿದೆಯೇ ಮುಚ್ಚಿದೆಯೇ ಎಂಬುದಲ್ಲ, ಎಡಗಡೆಯ ಮೂಲೆ. ನಾಲ್ಕಕ್ಕೆ ಅಲ್ಲಿ ಚೂಪಾದ ಮೂಲೆ ಇದೆ. ಒಂಬತ್ತಿಗೆ ಎಲ್ಲೂ ಮೂಲೆ ಇಲ್ಲ. ಮೂಲೆ ಉಳಿದರೆ ನಾಲ್ಕು ಉಳಿಯಿತು.

ನಮ್ಮ ಸೀಮೆಗೆ ಇನ್ನೂ ಒಂದು ತೊಡಕಿದೆ. ಹಳೆಯ ಲೆಕ್ಕದ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿವೆ, ಕೆಲವು ಹಿರಿಯರು ಈಗಲೂ ಅವನ್ನೇ ಬರೆಯುತ್ತಾರೆ. ಕನ್ನಡದ ೧ ಕೆಳಗೆ ತೆರೆದಿರುವ ಸುತ್ತು. ಬೇಗ ಬರೆದಾಗ ಆ ಬಾಯಿ ಮುಚ್ಚಿಕೊಂಡು ೦ ಆಗಿಬಿಡುತ್ತದೆ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗು ಓದಿಕೊಂಡವರೂ ಲೆಕ್ಕ ಬರೆಯುತ್ತಾರೆ. ತೆಲುಗಿನ ಒಂದು ಕೂಡ ನಮ್ಮ ೧ರ ಹಾಗೆಯೇ ಸುತ್ತಿಕೊಳ್ಳುವುದರಿಂದ ಅಲ್ಲಿಯೂ ಇದೇ ಪಾಡು. ಕನ್ನಡದ ೪ಕ್ಕೆ ಕೆಳಗೊಂದು ಕುಣಿಕೆ, ಮೇಲೆ ತೆರೆದ ಎರಡು ತೋಳುಗಳು. ತೋಳುಗಳು ಕೂಡಿಕೊಂಡರೆ ಇಂಗ್ಲಿಷ್ ಅಂಕಿ ಮಾತ್ರ ಬಲ್ಲ ಮಗು ಅದನ್ನು 8 ಎಂದು ಓದುತ್ತದೆ. ಅಜ್ಜನ ಪುಸ್ತಕವನ್ನು ಮೊಮ್ಮಗಳು ಕೂಡುವ ಮನೆಯಲ್ಲಿ ಇದು ನಡೆಯುವ ಮಾತು.

ಇವೆಲ್ಲದರ ಮೇಲೆ ಕಾರ್ಬನ್ ಪ್ರತಿ. ರೈತನ ಕೈಗೆ ಬರುವುದು ಹೆಚ್ಚಾಗಿ ಎರಡನೇ ಹಾಳೆ. ಒತ್ತಿ ಎಳೆದ ಗೆರೆ ಅದರಲ್ಲಿ ಮೂಡುತ್ತದೆ, ಹಗುರವಾಗಿ ಎಳೆದದ್ದು ಮೂಡುವುದಿಲ್ಲ. ಏಳರ ಅಡ್ಡಗೆರೆಯನ್ನು ಎಲ್ಲರೂ ಕೊನೆಯಲ್ಲಿ ಹಗುರವಾಗಿಯೇ ಎಳೆಯುತ್ತಾರೆ. ಮೇಲಿನ ಹಾಳೆಯಲ್ಲಿ ಸರಿಯಾಗಿದ್ದ ಏಳು ಕೆಳಗಿನ ಹಾಳೆಯಲ್ಲಿ ಗೆರೆ ಕಳೆದುಕೊಂಡಿರುವುದು ಹೀಗೆ.

ಒಂದು ಪುಟವನ್ನು ಬಿಡಿಸೋಣ

ತಪ್ಪಾಗಿ ಓದಿದ ಅಂಕಿ ಲೆಕ್ಕದಲ್ಲಿ ತನ್ನ ಗುರುತು ಬಿಟ್ಟುಹೋಗುತ್ತದೆ. ಆ ಗುರುತನ್ನು ಹಿಡಿಯುವುದು ಪ್ರೌಢಶಾಲೆಯ ಮಕ್ಕಳಿಗೆ ಒಳ್ಳೆಯ ಗಣಿತ. ತರಗತಿಗೆಂದು ನಾನು ಕಟ್ಟಿಕೊಂಡ ಲೆಕ್ಕ ಇಲ್ಲಿದೆ. ಒಬ್ಬ ರೈತ ಐದು ಸಲ ಟೊಮೆಟೊ ಹಾಕಿದ್ದಾನೆ.

41 ಬಾಕ್ಸ್, ದರ 270, ಮೊತ್ತ 11,070
37 ಬಾಕ್ಸ್, ದರ 310, ಮೊತ್ತ 11,470
52 ಬಾಕ್ಸ್, ದರ 240, ಮೊತ್ತ 12,480
28 ಬಾಕ್ಸ್, ದರ 350, ಮೊತ್ತ 9,800
47 ಬಾಕ್ಸ್, ದರ 290, ಮೊತ್ತ 13,630

ಮಂಡಿಯ ಪುಸ್ತಕದಲ್ಲಿ ಒಟ್ಟು 58,450. ಮಗಳು ಚೀಟಿಗಳ ಮೊತ್ತವನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡು ಕೂಡಿದಾಗ 64,450 ಬಂತು. ವ್ಯತ್ಯಾಸ 6,000. ಮಂಡಿಯವರು ಮೋಸ ಮಾಡಿದರು ಎಂದು ಮನೆಯಲ್ಲಿ ಮಾತು ಶುರುವಾಗುವುದು ಇಲ್ಲೇ. ಅದಕ್ಕೂ ಮೊದಲು ಆ ವ್ಯತ್ಯಾಸವನ್ನೇ ಓದಬೇಕು.

ಒಂದೇ ಒಂದು ಅಂಕಿಯನ್ನು ತಪ್ಪಾಗಿ ಓದಿದ್ದರೆ ವ್ಯತ್ಯಾಸದಲ್ಲಿ ಸೊನ್ನೆಯಲ್ಲದ ಅಂಕಿ ಒಂದೇ ಇರುತ್ತದೆ. 6,000 ಅಂಥದ್ದು. ಅಂದರೆ ಸಾವಿರದ ಸ್ಥಾನದಲ್ಲಿ ಆರರಷ್ಟು ಅಂತರವಿರುವ ಎರಡು ಅಂಕಿಗಳು ಅದಲುಬದಲಾಗಿವೆ. ಆಕಾರದಲ್ಲಿ ಬೆರೆಯುವಂಥ, ಆರರ ಅಂತರದ ಜೋಡಿಗಳು ಮುಖ್ಯವಾಗಿ ಎರಡು: 1 ಮತ್ತು 7, 0 ಮತ್ತು 6. ಮಗಳ ಮೊತ್ತ ಹೆಚ್ಚಾಗಿರುವುದರಿಂದ ಅವಳ ನೋಟ್ ಪುಸ್ತಕದಲ್ಲಿ ಸಾವಿರದ ಸ್ಥಾನದ ಅಂಕಿ ಆರು ಅಥವಾ ಅದಕ್ಕಿಂತ ದೊಡ್ಡದಿರುವ ಸಾಲನ್ನು ಮಾತ್ರ ನೋಡಿದರೆ ಸಾಕು. ಅಂಥವು ಎರಡೇ: 17,070 ಮತ್ತು 9,800. 9,800 ಎಂಬುದು 28 ಬಾಕ್ಸಿಗೆ 350ರಂತೆ ಸರಿಯಾಗಿದೆ. ಉಳಿದದ್ದು 17,070. ಚೀಟಿಯಲ್ಲಿ ಅದು 11,070. ಎರಡನೇ ಒಂದರ ಕೊಕ್ಕೆ ಉದ್ದವಾಗಿತ್ತು, ಅಷ್ಟೇ.

ಈಗ ಅದೇ ಪುಟದಲ್ಲಿ ಬೇರೆ ತಪ್ಪು ಇಟ್ಟುಕೊಳ್ಳೋಣ. ಚೀಟಿಯಲ್ಲಿ ಮೊತ್ತ ಬರೆದಿಲ್ಲ, ಬಾಕ್ಸ್ ಮತ್ತು ದರ ಮಾತ್ರ ಇವೆ. ಮಗಳು ಗುಣಿಸಿ ಕೂಡಿದಾಗ 71,950 ಬಂತು. ವ್ಯತ್ಯಾಸ 13,500. ಸೊನ್ನೆಯಲ್ಲದ ಅಂಕಿಗಳು ಮೂರಿವೆ, ಆದ್ದರಿಂದ ಮೊದಲಿನ ಸುಳಿವು ಇಲ್ಲಿ ಕೆಲಸ ಮಾಡುವುದಿಲ್ಲ. ತಪ್ಪು ಬಾಕ್ಸಿನ ಎಣಿಕೆಯಲ್ಲಿದ್ದರೆ ಆ ತಪ್ಪು ದರದಿಂದ ಗುಣಿತವಾಗಿ ಮೊತ್ತಕ್ಕೆ ಬಂದಿರುತ್ತದೆ. ಹಾಗಾಗಿ ವ್ಯತ್ಯಾಸವನ್ನು ಒಂದೊಂದು ದರದಿಂದ ಭಾಗಿಸುತ್ತಾ ಹೋಗಬೇಕು. 310, 240, 350, 290 ಯಾವುದರಿಂದಲೂ ನಿಶ್ಶೇಷವಾಗಿ ಭಾಗವಾಗುವುದಿಲ್ಲ. 270ರಿಂದ ಭಾಗಿಸಿದರೆ ಸರಿಯಾಗಿ 50. ಐವತ್ತು ಎಂದರೆ ಹತ್ತರ ಸ್ಥಾನದಲ್ಲಿ ಐದರ ಅಂತರ, ಅಂದರೆ 4 ಮತ್ತು 9. ಮೊದಲ ಸಾಲಿನ 41 ಬಾಕ್ಸ್ 91 ಆಗಿದೆ. ತಪ್ಪು ದರದಲ್ಲಿದ್ದರೆ ಇದೇ ಕ್ರಮ, ಆದರೆ ಭಾಗಿಸಬೇಕಾದ್ದು ಬಾಕ್ಸಿನ ಎಣಿಕೆಯಿಂದ. ವ್ಯತ್ಯಾಸ 2,600 ಬಂದರೆ 52ರಿಂದ ಮಾತ್ರ ನಿಶ್ಶೇಷವಾಗಿ ಭಾಗವಾಗಿ 50 ಸಿಗುತ್ತದೆ: 240 ಎಂಬ ದರವನ್ನು 290 ಎಂದು ಓದಲಾಗಿದೆ.

ಅಂಕಿಗಳನ್ನು ಹಿಂದುಮುಂದಾಗಿ ಬರೆದ ತಪ್ಪನ್ನು ಇದರಿಂದ ಬೇರೆ ಮಾಡಿ ತೋರಿಸಬೇಕು. 270ನ್ನು 720 ಎಂದು ಇಳಿಸಿಕೊಂಡರೆ ವ್ಯತ್ಯಾಸ 450, ಅದು 9ರಿಂದ ಭಾಗವಾಗುತ್ತದೆ. ಸ್ಥಾನ ಬದಲಾದ ತಪ್ಪುಗಳಲ್ಲಿ ಯಾವಾಗಲೂ ಹೀಗೆಯೇ. 1–7 ಮತ್ತು 4–9 ಜೋಡಿಗಳ ವ್ಯತ್ಯಾಸ 6 ಅಥವಾ 5ರ ಮುಂದೆ ಸೊನ್ನೆಗಳು, ಅದು 9ರಿಂದ ಎಂದೂ ಭಾಗವಾಗದು. ಹೀಗಾಗಿ ಗುಣಾಕಾರವಿಲ್ಲದೆ ನೇರವಾಗಿ ಇಳಿಸಿಕೊಂಡ ಸಂಖ್ಯೆಗಳಲ್ಲಿ ವ್ಯತ್ಯಾಸ ಸಿಕ್ಕ ಕೂಡಲೇ ಒಂಬತ್ತರಿಂದ ಭಾಗಿಸಿ ನೋಡಿದರೆ, ಆಕಾರ ಕೆಟ್ಟಿತೋ ಸ್ಥಾನ ಕೆಟ್ಟಿತೋ ಎಂದು ಬಹುಪಾಲು ತಿಳಿಯುತ್ತದೆ. ವ್ಯತ್ಯಾಸ 9, 90 ಅಥವಾ 900 ಬಂದರೆ ಮಾತ್ರ ಅನುಮಾನ ಉಳಿಯುತ್ತದೆ. ಅದು 34ರ ಬದಲು 43 ಆಗಿರಬಹುದು, 0 ಮತ್ತು 9 ಬೆರೆತಿರಲೂಬಹುದು.

ಈ ವಿಧಾನಕ್ಕೆ ಮಿತಿ ಇದೆ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ಒಂದು ಸಾಲಿನಲ್ಲಿ 1 ಹೋಗಿ 7 ಆಗಿ, ಅದೇ ಸ್ಥಾನದಲ್ಲಿ ಇನ್ನೊಂದು ಸಾಲಿನ 7 ಹೋಗಿ 1 ಆದರೆ ಒಟ್ಟು ಮೊತ್ತ ತಾಳೆಯಾಗಿಬಿಡುತ್ತದೆ. ಒಬ್ಬನೇ ರೈತನ ಪುಟದಲ್ಲಿ ಅದರಿಂದ ನಷ್ಟವಿಲ್ಲ. ಸಂಘದ ಪುಸ್ತಕದಲ್ಲಿ ಆ ಎರಡು ಸಾಲು ಇಬ್ಬರು ಸದಸ್ಯೆಯರದ್ದಾದರೆ, ಒಬ್ಬರ ಉಳಿತಾಯ ಇನ್ನೊಬ್ಬರ ಹೆಸರಿಗೆ ಹೋಗಿರುತ್ತದೆ, ಒಟ್ಟು ಮೊತ್ತ ಮಾತ್ರ ಸರಿಯಾಗಿಯೇ ಇರುತ್ತದೆ. ಅದನ್ನು ಯಾವ ಕೂಡುವಿಕೆಯೂ ಹಿಡಿಯದು. ಆದ್ದರಿಂದ ತಪ್ಪನ್ನು ಹುಡುಕುವ ಜಾಣ್ಮೆ ಎಷ್ಟಿದ್ದರೂ, ತಪ್ಪಾಗದಂತೆ ಬರೆಯುವುದೇ ಮೊದಲು.

ತರಗತಿಯಲ್ಲಿ ಏನು ಮಾಡಬಹುದು

‘ಅಂಕಿ ದುಂಡಗೆ ಬರೆಯಿರಿ’ ಎಂಬ ಸೂಚನೆ ಪ್ರಯೋಜನವಿಲ್ಲದ್ದು ಎಂಬುದು ನನ್ನ ಅಭಿಪ್ರಾಯ. ದುಂಡಗೆ ಬರೆದ ನಾಲ್ಕೇ ಒಂಬತ್ತಾಗುವುದು. ಚೆಂದಕ್ಕಿಂತ ಅಂತರ ಮುಖ್ಯ: ಒಬ್ಬರ ಕೈಬರಹದಲ್ಲಿ ಒಂದು ಅಂಕಿ ತನ್ನ ಜೋಡಿಯಿಂದ ಎಷ್ಟು ದೂರ ನಿಂತಿದೆ ಎಂಬುದು. ಇದನ್ನು ಅಳೆಯಲು ಹತ್ತು ನಿಮಿಷ ಸಾಕು.

ಇಪ್ಪತ್ತು ಸಂಖ್ಯೆಗಳನ್ನು ಉಕ್ತಲೇಖನದಂತೆ ಹೇಳಬೇಕು. ಅವುಗಳಲ್ಲಿ 1, 7, 4, 9, 0, 6 ಹೆಚ್ಚಾಗಿರಲಿ. ಸ್ವಲ್ಪ ಬೇಗ ಹೇಳಬೇಕು. ನಿಧಾನವಾಗಿ ಹೇಳಿದರೆ ಎಲ್ಲರೂ ಕಾಪಿ ಪುಸ್ತಕದ ಹಾಗೆ ಬರೆಯುತ್ತಾರೆ, ನಿಜವಾದ ಕೈಬರಹ ಹೊರಗೆ ಬರುವುದಿಲ್ಲ. ಮಂಡಿಯಲ್ಲಿ ಯಾರೂ ಮೇಜಿನ ಮುಂದೆ ಕೂತು ನಿಧಾನವಾಗಿ ಬರೆಯುವುದಿಲ್ಲವಲ್ಲ, ಆದ್ದರಿಂದ ಕೊನೆಯ ಐದನ್ನು ನಿಂತು, ಪುಸ್ತಕ ಕೈಯಲ್ಲಿ ಹಿಡಿದು ಬರೆಯಲು ಹೇಳಬಹುದು. ನಂತರ ಪುಸ್ತಕಗಳನ್ನು ಬದಲಿಸಿ, ಪಕ್ಕದ ಸಾಲಿನವರು ಅವನ್ನು ಓದಿ ಬೇರೆ ಹಾಳೆಗೆ ಇಳಿಸಬೇಕು. ಶಿಕ್ಷಕರು ಹೇಳಿದ ಸಂಖ್ಯೆಗಳ ಜೊತೆ ಈ ಹಾಳೆಯನ್ನು ಹೋಲಿಸಿ, ಯಾವ ಅಂಕಿ ಯಾವುದಾಯಿತು ಎಂದು ಗುರುತು ಹಾಕಬೇಕು. ಒಂದು ಮಗುವಿಗೆ ಸಾಮಾನ್ಯವಾಗಿ ಒಂದೋ ಎರಡೋ ಜೋಡಿಯಲ್ಲಿ ಮಾತ್ರ ಗುರುತು ಬೀಳುತ್ತದೆ. ಆ ಮಗು ತಿದ್ದಿಕೊಳ್ಳಬೇಕಾದ್ದು ಅಷ್ಟನ್ನೇ. ಹತ್ತೂ ಅಂಕಿಗಳನ್ನು ನೂರು ಸಲ ಬರೆಸುವ ಶಿಕ್ಷೆ ಬೇಕಿಲ್ಲ.

ತಿದ್ದುವಾಗ ನಾನು ಸೂಚಿಸುವ ಕ್ರಮ ಇಷ್ಟು. ಒಂದಕ್ಕೆ ಕೊಕ್ಕೆಯೂ ಬೇಡ, ಪಾದವೂ ಬೇಡ, ಬರೀ ಕಡ್ಡಿ. ಏಳಕ್ಕೆ ನಡುವೆ ಚಿಕ್ಕ ಅಡ್ಡಗೆರೆ, ಆದರೆ ಒತ್ತಿ ಎಳೆದದ್ದು. ನಾಲ್ಕಕ್ಕೆ ಬಾಯಿ ತೆರೆದಿರಲಿ, ಎಡಗಡೆ ಚೂಪಾದ ಮೂಲೆ ಇರಲಿ. ಒಂಬತ್ತಿನ ತಲೆ ಪೂರ್ತಿ ಮುಚ್ಚಿರಲಿ. ಏಳರ ಗೆರೆ ರದ್ದಿನ ಗೆರೆಯಂತೆ ಕಾಣದಿರಲು, ಸಂಖ್ಯೆಯನ್ನು ತಿದ್ದುವಾಗ ಇಡೀ ಸಂಖ್ಯೆಯ ಮೇಲೆ ಒಂದು ಉದ್ದ ಗೆರೆ ಎಳೆದು, ಸರಿಯಾದುದನ್ನು ಮೇಲೆ ಬರೆದು, ಪಕ್ಕದಲ್ಲಿ ಸಹಿ ಮಾಡುವ ರೂಢಿಯನ್ನು ಜೊತೆಗೇ ಕಲಿಸಬೇಕು. ಒಂದು ಅಂಕಿಯ ಮೇಲೆ ಇನ್ನೊಂದನ್ನು ತೀಡಿ ಬರೆಯುವುದನ್ನು ನಿಲ್ಲಿಸಬೇಕು.

ಮೊತ್ತವನ್ನು ಅಕ್ಷರದಲ್ಲೂ ಬರೆಯುವುದು ಹಳೆಯ ಮತ್ತು ಗಟ್ಟಿಯಾದ ಕಾವಲು. ಚೆಕ್ಕಿನಲ್ಲಿ ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರದಲ್ಲಿರುವುದೇ ಮೊತ್ತ ಎಂದು 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ ಹೇಳುತ್ತದೆ. ಪ್ರತಿ ಸಾಲಿಗೂ ಹೀಗೆ ಬರೆಯಲು ಮಂಡಿಯಲ್ಲಿ ಸಮಯವಿರುವುದಿಲ್ಲ, ನಿಜ. ಆದರೆ ಪುಟದ ಕೊನೆಯ ಒಟ್ಟು ಮೊತ್ತವನ್ನಾದರೂ ಅಕ್ಷರದಲ್ಲಿ ಬರೆಯುವ ಅಭ್ಯಾಸವನ್ನು ಎಂಟನೇ ತರಗತಿಯಲ್ಲೇ ಹಿಡಿಸಬಹುದು.

ಇದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಈಗ ಎಲ್ಲವೂ ಯಂತ್ರದಲ್ಲಿದೆ, ಕೈಬರಹದ ಅಂಕಿ ಯಾರಿಗೆ ಬೇಕು ಎಂಬುದು ಮೊದಲನೆಯದು. ಯಂತ್ರವೇ ತೂಗಿ, ಯಂತ್ರವೇ ಚೀಟಿ ಅಚ್ಚು ಹಾಕುವ ಕಡೆ ಈ ತೊಂದರೆ ಇಲ್ಲ, ಒಪ್ಪುತ್ತೇನೆ. ಆದರೆ ಕೈಬರಹದ ಚೀಟಿಯನ್ನು ನೋಡಿ ಕಂಪ್ಯೂಟರಿಗೆ ತುಂಬುವ ಕಡೆ ತಪ್ಪು ಇನ್ನೂ ಗಟ್ಟಿಯಾಗುತ್ತದೆ. ಅಚ್ಚಾಗಿ ಬಂದ 17,070ರಲ್ಲಿ ಆ ಉದ್ದ ಕೊಕ್ಕೆ ಕಾಣುವುದಿಲ್ಲ. ಅನುಮಾನ ಪಡಲು ಏನೂ ಉಳಿಯುವುದಿಲ್ಲ.

ಪುಸ್ತಕದಲ್ಲಿಲ್ಲದ ಏಳನ್ನು, ಅಂದರೆ ಗೆರೆಯ ಏಳನ್ನು, ಶಾಲೆಯಲ್ಲಿ ಕಲಿಸುವುದು ಸರಿಯೇ ಎಂಬುದು ಎರಡನೆಯದು. ಕೆಲವು ಶಿಕ್ಷಕರು ಅದನ್ನು ತಪ್ಪೆಂದು ಕೆಂಪು ಶಾಯಿಯಲ್ಲಿ ಸುತ್ತುವುದನ್ನು ನೋಡಿದ್ದೇನೆ. ಅಚ್ಚಿನ ಏಳಕ್ಕೆ ಗೆರೆ ಬೇಕಿಲ್ಲ, ಏಕೆಂದರೆ ಅಚ್ಚಿನ ಒಂದರ ಕೊಕ್ಕೆ ಎಂದೂ ಬೆಳೆಯುವುದಿಲ್ಲ. ಕೈಬರಹಕ್ಕೆ ಆ ಭರವಸೆ ಇಲ್ಲ. ಮಗು ಗೆರೆ ಹಾಕಲಿ, ಹಾಕದಿರಲಿ, ಹಾಕಿದರೆ ಪ್ರತಿ ಏಳಕ್ಕೂ ಹಾಕಲಿ ಎಂದಷ್ಟೇ ಕೇಳಬೇಕು. ಅರ್ಧ ಏಳುಗಳಿಗೆ ಗೆರೆ ಇದ್ದು ಇನ್ನರ್ಧಕ್ಕೆ ಇಲ್ಲದ ಪುಟ ಎಲ್ಲಕ್ಕಿಂತ ಅಪಾಯದ್ದು.

ಮಕ್ಕಳು ಅಂಕಿಯ ಆಕಾರವನ್ನು ಕಲಿಯುವುದು ನಮ್ಮ ಹಲಗೆ ನೋಡಿ. ನಾವೂ ಮುಂದೆ ಅಂಕಪಟ್ಟಿ ತುಂಬುವವರು, 14ನ್ನು 19 ಎಂದೂ 41ನ್ನು 47 ಎಂದೂ ಓದಿಸಬಲ್ಲವರು. ಆದ್ದರಿಂದ ನಮ್ಮ ಕಾಲೇಜಿನ ವೀಕ್ಷಣಾ ಹಾಳೆಯಲ್ಲಿ ಕಪ್ಪುಹಲಗೆಯ ಕೌಶಲದ ಕೆಳಗೆ ಒಂದು ಸಾಲು ಸೇರಿಸಬೇಕೆಂದು ಉಪನ್ಯಾಸಕರನ್ನು ಕೋರುತ್ತೇನೆ: ‘1–7 ಮತ್ತು 4–9 ಜೋಡಿಗಳು ಹಿಂದಿನ ಬೆಂಚಿನಿಂದ ಬೇರೆಬೇರೆಯಾಗಿ ಕಂಡವೇ?’ ಗಣಿತಕ್ಕೆ ಮಾತ್ರವಲ್ಲ, ಇಸವಿ ಬರೆಯುವ ಸಮಾಜ ವಿಜ್ಞಾನದವರಿಗೂ, ಅಳತೆ ಬರೆಯುವ ವಿಜ್ಞಾನದವರಿಗೂ ಆ ಸಾಲು ಅನ್ವಯಿಸಲಿ. ಸಹಪಾಠಿ ವೀಕ್ಷಕರು ಹೌದು ಅಥವಾ ಇಲ್ಲ ಎಂದು ಒಂದು ಗುರುತು ಹಾಕಿದರೆ ಸಾಕು. ಇಲ್ಲ ಎಂದಾದರೆ, ಯಾವ ಅಂಕಿ ಯಾವುದಾಗಿ ಕಂಡಿತು ಎಂದು ಪಕ್ಕದಲ್ಲಿ ಬರೆಯಲಿ.